ಕೆಂಪು ದೀಪದಲ್ಲಿ ಓದಿದ ಅಧ್ಯಾಯ

ಹಾಳಾದ ಧ್ವನಿಮುದ್ರಣಗಳನ್ನು ಸರಿಮಾಡಿಕೊಡುವುದು ನನ್ನ ಹೊಟ್ಟೆಪಾಡು. ಮುಂಬಯಿ ಪಕ್ಕದ ಘಣಸೋಲಿಯ ಹಳೇ ಊರಿನ ಕಡೆ, ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆ ನನ್ನದು. ಗಿರಣಿ ತಿರುಗುವಾಗ ನೆಲ ಸಣ್ಣಗೆ ನಡುಗುತ್ತದೆ. ಅದು ಮಧ್ಯಾಹ್ನ ನಿಂತ ಮೇಲೆ ನಾನು ಕಿವಿಯ ಕೆಲಸಕ್ಕೆ ಕೂರುತ್ತೇನೆ. ಬಾಡಿಗೆ ಕಡಿಮೆ ಇರುವುದಕ್ಕೆ ಕಾರಣ ಬೇಕಲ್ಲ.

ಬರುವವರೆಲ್ಲ ಕೇಳುವುದು ಒಂದೇ ಮಾತು, 'ಸ್ವಲ್ಪ ಕ್ಲೀನ್ ಮಾಡಿಕೊಡಿ' ಎಂದು. ಮದುವೆ ವಿಡಿಯೋದವರಿರಲಿ, ಮಹಾಪೆಯ ಕಂಪನಿಯಿಂದ ತರಬೇತಿಯ ವಿಡಿಯೋ ತರುವವರಿರಲಿ, ಎಲ್ಲರಿಗೂ ಇದು ಪಾತ್ರೆ ತಿಕ್ಕಿದ ಹಾಗೆ. ನನಗೆ ಸಿಟ್ಟು ಬೇಗ ಬರುತ್ತದೆ. ಫ್ಯಾನಿನ ಸದ್ದು, ರಸ್ತೆಯ ಗದ್ದಲ ಇವೆಲ್ಲ ಸ್ವರದ ಮೇಲೆ ಕೂತ ಧೂಳು, ಒರೆಸಿದರೆ ಅಡಿಯಲ್ಲಿ ಸ್ವರ ಸಿಗುತ್ತದೆ ಎಂದು ಹೇಳುತ್ತೇನೆ. ಕ್ಲಿಪ್ ಆದದ್ದು ಹಾಗಲ್ಲ. ಮೈಕಿನಿಂದ ಬಂದ ದನಿ ಯಂತ್ರ ಹಿಡಿಯಬಲ್ಲದ್ದಕ್ಕಿಂತ ದೊಡ್ಡದಾದಾಗ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಅಲ್ಲಿ ಮೇಲೆ ಏನೂ ಕೂತಿಲ್ಲ, ಇದ್ದದ್ದೇ ಹೋಗಿದೆ. ಇಷ್ಟು ಹೇಳಿದ ಮೇಲೂ ಅವರು, 'ಆದ್ರೂ ನೋಡಿ, ಎಷ್ಟಾಗ್ತದೋ ಅಷ್ಟು' ಎನ್ನುತ್ತಾರೆ.

ಮಾಮಿ ಫೋನ್ ಮಾಡಿದಾಗಲೂ ಅದನ್ನೇ ಅಂದರು. ಆದರೆ ಅವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ. ಡೊಂಬಿವಲಿಯಲ್ಲಿ ನಾನು ಬೆಳೆದ ಬಿಲ್ಡಿಂಗಿನಲ್ಲಿ ಅವರದು ನಮ್ಮ ಎದುರು ಮನೆ. ನನ್ನ ಅಮ್ಮನಿಗೆ ಜ್ವರ ಬಂದ ದಿನಗಳಲ್ಲಿ ನಾನು ಉಂಡದ್ದು ಅವರ ಅಡುಗೆ. ಅವರ ಗಂಡ, ನನಗೆ ಮಾಮ, ಕಲ್ಯಾಣ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ವಾರವಿಡೀ ಚಿಲ್ಲರೆ ಎಣಿಸುವ ಆ ಮನುಷ್ಯ ಶನಿವಾರ ಸಂಜೆ ಪಂಚೆ ಉಟ್ಟು, ಶಾಲು ಹೊದ್ದು, ನಮ್ಮವರ ಶನಿಪೂಜಾ ಸಮಿತಿಯಲ್ಲಿ ಗ್ರಂಥ ಓದಲು ಹೋಗುತ್ತಿದ್ದರು.

ಊರು ಬಿಟ್ಟು ಮುಂಬಯಿ ಸೇರಿದ ನಮ್ಮ ಕರಾವಳಿಯವರಿಗೆ ಈ ಗ್ರಂಥ ಪಾರಾಯಣ ದೊಡ್ಡ ಸಂಗತಿ. ಕಲಶ ಇಟ್ಟು, ದೀಪ ಹಚ್ಚಿ, ಒಬ್ಬರು ಪದ್ಯಗಳನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಹಾರ್ಮೋನಿಯಂ, ತಬಲಾ ಜೊತೆಗಿರುತ್ತವೆ. ಮಾಮನದು ಇಂಪಾದ ಕಂಠ ಎಂದು ಯಾರೂ ಹೇಳಲಿಲ್ಲ. ಆದರೆ ಶನಿಯ ಕಾಟಕ್ಕೆ ಸಿಕ್ಕಿದ ರಾಜ ಎಲ್ಲವನ್ನೂ ಕಳೆದುಕೊಳ್ಳುವ ಅಧ್ಯಾಯದಲ್ಲಿ ಅವರು ಮೇಲಿನ ಸ್ವರಕ್ಕೆ ಏರುತ್ತಿದ್ದರು. ಅಲ್ಲಿ ಗಂಟಲು ಒಡೆಯುತ್ತಿತ್ತು. ಬೇರೆಯವರಾದರೆ ನಾಚಿ ಕೆಳಗಿಳಿಯುತ್ತಿದ್ದರು. ಇವರು ಆ ಒಡಕಿನ ಮೇಲೇ ನಿಂತು ಸ್ವರವನ್ನು ಎಳೆಯುತ್ತಿದ್ದರು. ಗಂಡಸರು ತಲೆ ತಗ್ಗಿಸುತ್ತಿದ್ದರು. ಆ ಜಾಗ ಬಂದಾಗ ನನ್ನ ತಲೆಯೂ ತಗ್ಗುತ್ತಿತ್ತು.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕೆಂದು ಡಾಕ್ಟರು ಹೇಳಿದರು. ಆಪರೇಷನ್ನಿಗೆ ಹೋಗುವ ಹಿಂದಿನ ಶನಿವಾರ ಮಾಮ ಆ ಅಧ್ಯಾಯವನ್ನು ಕೊನೆಯ ಸಲ ಓದಿದರು. ಈಗ ಉಸಿರು ಕತ್ತಿನ ತೂತಿನಿಂದ. ತುಟಿ ನಾಲಿಗೆ ಆಡುತ್ತವೆ, ಸ್ವರ ಇಲ್ಲ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಸಣ್ಣ ಯಂತ್ರವೊಂದನ್ನು ಆಸ್ಪತ್ರೆಯವರು ಕೊಡಿಸಿದ್ದರು. ಒಂದು ಸಲ ಅದರಲ್ಲಿ ಹೆಂಡತಿಯನ್ನು ಕರೆದು, ಡಬ್ಬದೊಳಗಿನಿಂದ ಬಂದಂಥ ಆ ಸದ್ದು ಕೇಳಿ, ಅದನ್ನು ಕಪಾಟಿನಲ್ಲಿಟ್ಟುಬಿಟ್ಟರಂತೆ.

"ಇವರು ಮನೆಯಿಂದ ಹೊರಗೇ ಬರುದಿಲ್ಲ ಮಗಾ" ಎಂದರು ಮಾಮಿ. "ಸಮಿತಿಯವರ ವಾರ್ಷಿಕ ಪೂಜೆ ಉಂಟಲ್ಲ, ಆ ದಿನ ಆ ಒಂದು ಅಧ್ಯಾಯ ಇವರದ್ದೇ ಸ್ವರದಲ್ಲಿ ಹಾಕ್ತೇವೆ ಅಂದಿದ್ದಾರೆ. ಅದಕ್ಕಾದ್ರೂ ಬರ್ತಾರೆ. ನಾಕು ಜನರ ಮಧ್ಯ ಕೂತ್ರೆ ಮನುಷ್ಯ ಆಗ್ತಾರೆ. ರೆಕಾರ್ಡಿಂಗ್ ಸ್ವಲ್ಪ ಒಡ್ಕೊಂಡಿದೆ ಅಂತಾರೆ. ನೀನು ಸರಿ ಮಾಡಿ ಕೊಡು."

ಸ್ವಲ್ಪ ಒಡೆದುಕೊಂಡಿದೆಯಂತೆ. ಕಳಿಸಿದ ಫೈಲು ತೆರೆದು ನೋಡಿದೆ. ಪರದೆಯ ಮೇಲೆ ಅಲೆಗಳು ಕಾಣಬೇಕಾದಲ್ಲಿ ಉದ್ದಕ್ಕೆ ಪಟ್ಟಿ ಬಳಿದಂತಿತ್ತು. ಹಿಗ್ಗಿಸಿ ನೋಡಿದರೆ ಒಂದೊಂದು ಅಲೆಯೂ ದೋಸೆಕಲ್ಲಿನಷ್ಟು ಚಪ್ಪಟೆ.

ಮೋಸವೇನೆಂದರೆ ಮೀಟರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅತಿ ಎತ್ತರದ ಸದ್ದೂ ಮಿತಿಗಿಂತ ಬಹಳ ಕೆಳಗಿತ್ತು. ಮೈಕಿನ ದನಿ ಮಿಕ್ಸರಿಗೆ ಹೊಗುವ ಮೊದಲ ಬಾಗಿಲಲ್ಲೇ ತಲೆ ಕಡಿಸಿಕೊಂಡು, ಮುಂದೆ ಹೊರಹೋಗುವ ಬಾಗಿಲಲ್ಲಿ ಒಟ್ಟು ಸದ್ದನ್ನು ತಗ್ಗಿಸಿಟ್ಟಿದ್ದಾಗ ಹೀಗಾಗುತ್ತದೆ. ತಲೆ ಕಡಿದವನನ್ನು ಬಗ್ಗಿಸಿ ನಡೆಸಿದ ಹಾಗೆ. ಸಾಲದ್ದಕ್ಕೆ ಅದು ಪೆನ್‌ಡ್ರೈವಿಗೆ ನೇರ ಎಂಪಿತ್ರೀ ಆಗಿ ಇಳಿದಿತ್ತು. ಫೈಲನ್ನು ಸಣ್ಣದು ಮಾಡುವ ಆ ಪದ್ಧತಿ ಚಪ್ಪಟೆ ನೆತ್ತಿಯ ಮೇಲೆ ಸಣ್ಣ ಸಣ್ಣ ನಡುಕ ಎಬ್ಬಿಸುತ್ತದೆ. ರಿಪೇರಿಯ ಸಾಫ್ಟ್‌ವೇರ್ ತಾನಾಗಿ ಹುಡುಕಿದರೆ 'ಇಲ್ಲಿ ಏನೂ ಕ್ಲಿಪ್ ಆಗಿಲ್ಲ' ಎಂದು ಕೈಚೆಲ್ಲುತ್ತದೆ.

ಕಾರಣ ಗೊತ್ತಾಗಲಿ ಎಂದು ಸೌಂಡಿನವನಿಗೆ ಫೋನ್ ಮಾಡಿದೆ. ಕಲ್ಯಾಣ್‌ನಲ್ಲಿ ಮಂಟಪ, ಮೈಕ್ ಬಾಡಿಗೆಗೆ ಕೊಡುವ ಕಲಬುರಗಿ ಕಡೆಯ ಮನುಷ್ಯ. ಸಮಿತಿಗೆ ಮೊದಲಿನಿಂದಲೂ ಅವನೇ. ಜಗಳ ಆಡಬೇಕೆಂದೇ ಮಾಡಿದ್ದೆ.

"ಟೆಸ್ಟಿಂಗ್ ಮಾಡ್ಲಿಲ್ವಾ?" ಎಂದೆ.

"ಮಾಡೇನ್ರೀ ಅಕ್ಕಾರ. ಆದ್ರ ಕಲಶ ಇಡೂತನ ಅವ್ರು ಪದ್ಯ ಓದಂಗಿಲ್ಲಲ್ರೀ. ಮೈಕ್ ಮುಂದ ಸಣ್ಣಗ ಓಂ ಅಂತಾರ, ಅಷ್ಟ. ಅದಕ್ಕ ಅಳತಿ ಇಟ್ಟಿರ್ತೀನಿ."

ಅದು ನಿಜವೇ. ಪೂಜೆಗೆ ಮೊದಲು ಗ್ರಂಥದ ಒಂದು ಸಾಲನ್ನೂ ಬಾಯಿಬಿಟ್ಟು ಓದಬಾರದು ಎಂಬುದು ನಮ್ಮವರ ನೇಮ. ಪಿಸುಗುಟ್ಟಿದ ಓಂಕಾರಕ್ಕೆ ಮೈಕ್ ಏರಿಸಿಡುತ್ತಾರೆ, ಆಮೇಲೆ ಪೂರ್ತಿ ಗಂಟಲು ಅದರ ಮೇಲೆ ಬೀಳುತ್ತದೆ. ಓದು ಶುರುವಾದ ಮೇಲೆ ನಡುವೆ ಎದ್ದುಹೋಗಿ ಗುಂಡಿ ತಿರುಗಿಸುವುದೂ ಅಪಚಾರ. ದನಿ ಮಿತಿ ಮೀರಿತೆಂದು ಹೇಳುವ ಮಿಕ್ಸರಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ.

"ಕೆಂಪು ದೀಪ ನೋಡ್ಲಿಲ್ವಾ?"

"ನೋಡೇನ್ರೀ. ಛಲೋ ಬರಾಕತ್ತೈತಿ ಅನ್ಕೊಂಡೆ." ಆಮೇಲೆ ಅವನ ದನಿ ತಗ್ಗಿತು. "ಖರೆ ಹೇಳ್ತೀನ್ರೀ, ಆವತ್ತ ಪೂಜಿಗೆ ಮೊದ್ಲ ನಾನೇ ಇನ್ನಷ್ಟು ಏರ್ಸಿದ್ದೆ. ಕಾಕಾರ ದನಿ ಇನ್ನ ಸಿಗಂಗಿಲ್ಲ, ಒಂದಿಷ್ಟೂ ಬಿಡಬಾರದು ಅಂತ. ಮರ್ಯಾದಿಗೆ ಇಟ್ಟೆನ್ರೀ ಅಕ್ಕಾರ."

ಪ್ರೀತಿಯಿಂದ ಹಾಳುಮಾಡಿದವನನ್ನು ಏನೆಂದು ಬೈಯುವುದು? ಬೇರೆ ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದಾರೆಯೇ ಎಂದು ವಿಚಾರಿಸಿದೆ. ಇಬ್ಬರು ಹಿಡಿದಿದ್ದರು. ಎರಡೂ ಅಷ್ಟೇ. ಮೊದಲ ಬಾಗಿಲಲ್ಲಿ ಕಡಿದ ದನಿಯೇ ಸಭಾಂಗಣದ ಸ್ಪೀಕರಿಗೂ ಹೋಗಿತ್ತು. ಮೊಬೈಲುಗಳು ಆ ಕಡಿದ ದನಿಯನ್ನು ಜನರ ಕೆಮ್ಮಿನ ಸಮೇತ ನಿಯತ್ತಾಗಿ ಹಿಡಿದುಕೊಂಡಿದ್ದವು. ಹಿಂದಿನ ವರ್ಷಗಳ ಫೈಲುಗಳನ್ನೂ ತರಿಸಿ ನೋಡಿದೆ. ಅದೇ ಮೈಕು, ಅದೇ ಪಿಸುಮಾತಿನ ಅಳತೆ, ಅದೇ ಚಪ್ಪಟೆ ಪಟ್ಟಿ.

ಸರಿ, ಕೆಲಸಕ್ಕೆ ಕೂತೆ. ಮೊದಲು ಒಟ್ಟು ಸದ್ದನ್ನು ತಗ್ಗಿಸಿಕೊಳ್ಳಬೇಕು, ಯಾಕೆಂದರೆ ಮತ್ತೆ ಕಟ್ಟುವ ನೆತ್ತಿಗೆ ಮೇಲೆ ಜಾಗ ಬೇಕು. ಆಮೇಲೆ ಯಾವ ಎತ್ತರದಿಂದ ಕಡಿದಿದೆ ಎಂಬ ಗೆರೆಯನ್ನು ಕೈಯಿಂದಲೇ ಗುರುತಿಸಬೇಕು. ಗೆರೆ ಮೇಲಾದರೆ ಸಾಫ್ಟ್‌ವೇರ್ ಏನನ್ನೂ ಮುಟ್ಟುವುದಿಲ್ಲ, ಕೆಳಗಾದರೆ ಸರಿ ಇದ್ದದ್ದನ್ನೂ ಅಳಿಸಿ ಬರೆಯುತ್ತದೆ. ಗೆರೆ ಸಿಕ್ಕಮೇಲೆ ಅದು ಕಡಿದ ಜಾಗದ ಎರಡೂ ಬದಿಯ ಏರಿಳಿತ ನೋಡಿ, ನಡುವಿನ ನೆತ್ತಿ ಹೀಗಿದ್ದಿರಬಹುದು ಎಂದು ಊಹಿಸುತ್ತದೆ. ಊಹೆ ಎಂಬುದನ್ನು ಮರೆಯಬಾರದು. ಕಡಿತ ಸಣ್ಣದಿದ್ದರೆ ಊಹೆ ಎಷ್ಟು ಚೆನ್ನಾಗಿರುತ್ತದೆಂದರೆ ನನಗೇ ಗುರುತು ಹತ್ತುವುದಿಲ್ಲ. ಕಡಿತ ಉದ್ದವಾದ ಹಾಗೆ ಅದು ಕಥೆ ಕಟ್ಟಲು ಶುರುಮಾಡುತ್ತದೆ.

ಕೆಳಗಿನ ಸ್ವರದಲ್ಲಿ ಓದಿದ ಸಾಲುಗಳು ಒಂದಷ್ಟು ಬಂದವು. ಕರಕರ ಕಡಿಮೆಯಾಗಿ ಗಲ್ಲಾದ ಮೇಲಿನ ಆ ಮನುಷ್ಯ ತುಸು ಹತ್ತಿರಕ್ಕೆ ಬಂದ ಹಾಗಾಯಿತು. ಸುಳ್ಳೇಕೆ, ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆದರೆ ತಬಲಾದ ದೊಡ್ಡ ಪೆಟ್ಟು ಬಿದ್ದಲ್ಲೆಲ್ಲ ದನಿಯೇ ಇರಲಿಲ್ಲ. ಪಕ್ಕದಲ್ಲಿದ್ದ ತಬಲಾ ಅವರ ಮೈಕಿಗೇ ಹೊಕ್ಕು ಅಲೆಯನ್ನು ಮೇಲಿನ ಗೋಡೆಗೆ ಒತ್ತಿತ್ತು. ಆ ಕ್ಷಣದಲ್ಲಿ ಅದರ ಮೇಲೆ ಸವಾರಿ ಮಾಡುತ್ತಿದ್ದ ಸ್ವರ ಗೋಡೆಯಾಚೆ ಹೋಗಿಬಿಟ್ಟಿತ್ತು.

ಮೇಲಿನ ಸ್ವರದ್ದು ಇನ್ನೊಂದು ಕಷ್ಟ. ಹೆಚ್ಚು ಕಡಿದದ್ದು ಅಲ್ಲೇ. ಕಡಿದ ಅಲೆ ಕರಕರ ಎನ್ನುತ್ತದೆ. ಮಾಮನ ಗಂಟಲೂ ಅಲ್ಲಿ ಕರಕರ ಎನ್ನುತ್ತಿತ್ತು. ಎರಡೂ ಒಂದೇ ಜಾಗದಲ್ಲಿ ಒಂದರ ಮೇಲೊಂದು. ಯಾವುದು ಯಂತ್ರದ ಗಾಯ, ಯಾವುದು ಮನುಷ್ಯನದು ಎಂದು ಬಿಡಿಸಲು ನನಗೆ ಆಗಲಿಲ್ಲ. ಆಗ ಅನಿಸಿತು, ಬಿಡಿಸಬಲ್ಲವರು ಒಬ್ಬರಿದ್ದಾರೆ.

ಬರಲಾರರೆಂದೇ ಎಣಿಸಿದ್ದೆ. ಬಂದರು. ಠಾಣೆಯಲ್ಲಿ ಗಾಡಿ ಬದಲಿಸಿ, ನನ್ನ ಮೆಟ್ಟಿಲು ಹತ್ತಿ, ಕತ್ತಿಗೆ ಕಟ್ಟಿದ ಬಿಳಿ ಬಟ್ಟೆಯ ಹಿಂದೆ ಉಸಿರಾಡುತ್ತ ನಿಂತ ಮಾಮ ನನ್ನ ಕಣ್ಣಿಗೆ ಅರ್ಧಕ್ಕರ್ಧ ಇಳಿದಿದ್ದರು. ಮಾಮಿ ಬಾಳೆಹಣ್ಣು, ಕೋಡುಬಳೆ ತಂದಿದ್ದರು. ಕೋಣೆ ನೋಡಿ, "ಇಷ್ಟೇಯಾ ನಿನ್ನ ಸ್ಟುಡಿಯೋ?" ಎಂದರು. ಮಾಮ ನಕ್ಕರು. ಸದ್ದಿಲ್ಲದೆ ನಗುವುದನ್ನು ನೋಡಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವರ ಕಿವಿಗೆ ಹೆಡ್‌ಫೋನ್ ಹಾಕಿ, ನಾನು ಸರಿಮಾಡಿದಷ್ಟನ್ನು ಹಾಕಿದೆ. ಅವರ ತುಟಿಗಳು ತಾವಾಗಿ ಆಡತೊಡಗಿದವು. ಸಾಲು ಸಾಲಾಗಿ, ಕಣ್ಣು ಮುಚ್ಚಿಕೊಂಡು, ತಮ್ಮದೇ ದನಿಯ ಜೊತೆ ಸ್ವರವಿಲ್ಲದೆ ಓದುತ್ತಿದ್ದರು. ಮಾಮಿ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಮಾಮ, ಇಲ್ಲಿ ಒಂದು ಕರಕರ ಬರ್ತದೆ. ಇದು ನಿಮ್ಮದಾ, ಮೈಕಿನದ್ದಾ?"

ಅವರು ಪರದೆಯ ಕಡೆ ಬೆರಳು ಮಾಡಿದರು. ಮೈಕಿನದು. ಮುಂದಿನದಕ್ಕೆ ತಮ್ಮ ಎದೆ ಮುಟ್ಟಿಕೊಂಡರು. ಹೀಗೆ ಒಂದೊಂದೇ ಗುರುತು ಹಾಕುತ್ತ ಹೋದೆವು. ನನಗೆ ಹುರುಪು ಬಂತು. ಹೀಗೇ ಹೋದರೆ ಆಗುತ್ತದೆ, ಅವರದನ್ನು ಬಿಟ್ಟು ಯಂತ್ರದ್ದನ್ನು ಮಾತ್ರ ತೆಗೆಯಬಹುದು ಎಂದುಕೊಂಡೆ. ಆಮೇಲೆ ಮೇಲಿನ ಸ್ವರ ಬಂತು. ಅವರ ಕೈ ಮೇಲೆದ್ದು ಅಲ್ಲೇ ನಿಂತಿತು. ಪರದೆಯ ಕಡೆಗೂ ಹೋಗಲಿಲ್ಲ, ಎದೆಯ ಕಡೆಗೂ ಬರಲಿಲ್ಲ. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ಮತ್ತೊಮ್ಮೆ. ಕೊನೆಗೆ ಕೈಯನ್ನು ತೊಡೆಯ ಮೇಲೆ ಇಳಿಸಿ ನನ್ನನ್ನು ನೋಡಿದರು. ಅವರಿಗೂ ಗೊತ್ತಾಗಲಿಲ್ಲ.

ನಾನು ಹೆಡ್‌ಫೋನ್ ಕಿತ್ತು ಸ್ಪೀಕರಿನಲ್ಲಿ ಹಾಕಿದೆ, ಮಾಮಿಯೂ ಕೇಳಲಿ, ಇಷ್ಟೇ ಆಗುವುದು ಎಂದು ಹೇಳಿಬಿಡೋಣ ಎಂದು. ಮಾಮಿ ಮುಖ ಹಿಂಡಿದರು. "ಇದು ಹರಿದ ಕಾಗದದ ಹಾಗೆ ಉಂಟಲ್ಲ. ಇದನ್ನು ಜನರ ಮುಂದೆ ಹಾಕುದು ಹೇಗೆ? ಬೇರೆ ದಾರಿ ಇಲ್ವಾ?"

ಇತ್ತು. ಹೊಸ ಬಗೆಯ ಸಾಫ್ಟ್‌ವೇರ್ ಒಂದಿದೆ. ಅದು ಅಲೆಯ ಎರಡು ಬದಿ ನೋಡುತ್ತ ಕೂರುವುದಿಲ್ಲ. ಅಸಂಖ್ಯ ಜನರ ದನಿ ಕೇಳಿ ಪಳಗಿದ್ದು, ಒಡೆದ ದನಿ ಕೊಟ್ಟರೆ ಅದೇ ಮಾತನ್ನು ಹೊಸದಾಗಿ ನುಡಿಸಿಕೊಡುತ್ತದೆ. ಮಾತು ತಿಳಿಯದ ಸಾಕ್ಷ್ಯಚಿತ್ರಗಳಿಗೆ ನಾನೂ ಬಳಸುತ್ತೇನೆ. ಆದರೆ ಕೊಡುವ ದನಿ ಇವರದಾ ಎಂದರೆ, ಇವರ ಅಳತೆಗೆ ಹೊಲಿದ ಇನ್ನೊಬ್ಬರ ಅಂಗಿ. ಅದನ್ನು ಮಾಮಿಗೆ ಹೇಳಿದೆ. "ಹಾಕಿ ತೋರಿಸು, ಆಮೇಲೆ ನೋಡುವ" ಎಂದರು. ಆ ಅಧ್ಯಾಯವನ್ನು ಅದರೊಳಗೆ ಬಿಟ್ಟು ಕೋಡುಬಳೆ ತಿನ್ನುತ್ತ ಕೂತೆವು.

ಬಂತು. ಕರಕರ ಇಲ್ಲ. ತಬಲಾದ ಪೆಟ್ಟಿನ ಕೆಳಗೆ ಇಲ್ಲದ ಸ್ವರ ಇದ್ದ ಹಾಗೆ ಕೇಳುತ್ತಿತ್ತು. ಉಚ್ಚಾರ ಸ್ಪಷ್ಟ, ರಾಗವೂ ಅದೇ. ಮೇಲಿನ ಸ್ವರಕ್ಕೆ ದನಿ ಎಣ್ಣೆ ಹಚ್ಚಿದ ಹಾಗೆ ಜಾರಿ ಏರಿತು, ಅಲ್ಲಿ ನಿಂತಿತು, ಇಳಿಯಿತು. ಎಲ್ಲೂ ಒಡೆಯಲಿಲ್ಲ. ಮನುಷ್ಯನ ಒಡಕನ್ನೂ ಅದು ಹಾಳು ಎಂದೇ ಎಣಿಸಿ ವಾಸಿ ಮಾಡಿಬಿಟ್ಟಿತ್ತು.

ಮಾಮಿ ಎದ್ದು ನಿಂತರು. ಎರಡೂ ಕೈ ಬಾಯಿಗೆ. "ಇವರೇ. ಇವರೇ ಮಗಾ ಇದು." ಅತ್ತರು. ಅವರನ್ನು ದಡ್ಡರೆಂದು ನಾನು ಒಂದು ಗಳಿಗೆಯೂ ಎಣಿಸಲಿಲ್ಲ. ಪಾರಾಯಣದ ಹೊತ್ತಿನಲ್ಲಿ ಅವರು ಎಂದೂ ಮುಂದೆ ಕೂತವರಲ್ಲ. ಸಭಾಂಗಣದ ಹಿಂದಿನ ಅಡುಗೆಕೋಣೆಯಲ್ಲಿ ಪ್ರಸಾದಕ್ಕೆ ಎಳ್ಳು, ಬೆಲ್ಲ ಕಲಸುತ್ತ, ಗೋಡೆಯಾಚೆಯಿಂದ ಗಂಡನ ದನಿ ಕೇಳಿದವರು. ಅಲ್ಲಿಗೆ ರಾಗ ತಲುಪುತ್ತಿತ್ತು, ಒಡಕು ತಲುಪುತ್ತಿರಲಿಲ್ಲವೇನೋ. ಅದೂ ಅಲ್ಲದೆ ಆ ಮನೆಯಲ್ಲಿ ಎಷ್ಟು ಕಾಲದಿಂದ ಗಂಡಸಿನ ದನಿಯೇ ಇಲ್ಲ.

"ಅಲ್ವಾ? ನಿಮ್ಮದೇ ಅಲ್ವಾ?" ಗಂಡನ ಭುಜ ಅಲುಗಿಸಿದರು.

ಮಾಮ ನನ್ನ ಕಡೆ ನೋಡಿದರು. ಕಣ್ಣಲ್ಲಿ ಏನಿತ್ತೆಂದು ನನಗೆ ಚೆನ್ನಾಗಿ ತಿಳಿಯಿತು. ಅವರ ತುಟಿ ಈ ಸಲ ಒಮ್ಮೆಯೂ ಆಡಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ ಹೌದೆಂದು ತಲೆ ಆಡಿಸಿದರು.

ನಾನು ಏನಾದರೂ ಹೇಳಬಹುದಿತ್ತು. ಆದರೆ ಹೌದೆಂದವರು ಅವರು. ಪೆನ್‌ಡ್ರೈವಿಗೆ ಹಾಕಿಕೊಟ್ಟೆ.

ವಾರ್ಷಿಕ ಪೂಜೆಗೆ ಡೊಂಬಿವಲಿಗೆ ಹೋದೆ. ಸಭಾಂಗಣ ತುಂಬಿತ್ತು. ಮಾಮ ಮುಂದಿನ ಸಾಲಿನಲ್ಲಿ, ಹೊಸ ಶಾಲು ಹೊದ್ದು ಕೂತಿದ್ದರು. ಅಷ್ಟರಮಟ್ಟಿಗೆ ಮಾಮಿಯ ಲೆಕ್ಕ ಸರಿಯಾಗಿತ್ತು, ಅವರು ಹೊರಗೆ ಬಂದಿದ್ದರು. ಮಾಮಿ ಮೊದಲ ಸಲ ಅಡುಗೆಕೋಣೆ ಬಿಟ್ಟು ಅವರ ಪಕ್ಕದಲ್ಲಿ ಕೂತಿದ್ದರು. ಸೌಂಡಿನವನು ನನ್ನನ್ನು ನೋಡಿ ಕೈಮುಗಿದ. ಸಮಿತಿಯವರು ಎರಡು ಮಾತಾಡಿ ಆ ಅಧ್ಯಾಯ ಹಾಕಿಸಿದರು. ದನಿ ಜಾರುತ್ತ ಏರಿತು. ಜನ ಕಣ್ಣು ಮುಚ್ಚಿ ಕೇಳಿದರು. ಯಾರೂ ತಲೆ ತಗ್ಗಿಸಲಿಲ್ಲ. ನನ್ನದೂ ತಗ್ಗಲಿಲ್ಲ. ನನ್ನದೇ ಕೈಕೆಲಸ ಕೇಳುತ್ತ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮುಗಿದ ಮೇಲೆ ಜನ ಮಾಮನ ಸುತ್ತ ಸೇರಿದರು. ಅವರ ವಯಸ್ಸಿನವರೇ ಒಬ್ಬರು, ಹಲವು ವರ್ಷ ಅವರ ಓದು ಕೇಳಿದವರು, ಕೈ ಹಿಡಿದುಕೊಂಡು ಹೇಳಿದರು: "ಆವಾಗ ಮೇಲೆ ಹೋದ್ರೆ ನಿಮ್ಮ ಸ್ವರ ಸ್ವಲ್ಪ ಒಡೀತಿತ್ತು ನೋಡಿ. ಇದರಲ್ಲಿ ಅದೇನೂ ಇಲ್ಲ. ಎದುರು ಕೂತು ಕೇಳಿದ್ದಕ್ಕಿಂತ ಇದೇ ಚಂದ ಉಂಟು."

ಮಾಮ ಅವರಿಗೆ ಕೈಮುಗಿದರು.

ಮಾಮಿ ಖುಷಿಯಿಂದ ನನ್ನ ತೋಳು ಹಿಡಿದರು. "ಕೇಳಿದ್ಯಾ? ಹಳೇದೆಲ್ಲ ನಿನ್ನ ಹತ್ರ ಉಂಟಲ್ಲ, ಅದನ್ನೂ ಹೀಗೇ ಮಾಡಿ ಕೊಡು ಮಗಾ. ದಿನಾ ಸಂಜೆ ದೀಪ ಹಚ್ಚುವಾಗ ಹಾಕ್ತೇನೆ."

ಅವರ ಬೆನ್ನ ಹಿಂದೆ ಮಾಮ ನನ್ನನ್ನೇ ನೋಡುತ್ತಿದ್ದರು. ತುಟಿ ಒಂದು ಸಲ ಕೂಡಿ ಬಿಚ್ಚಿತು. ಬೇಡ. ಇನ್ನೊಂದು ಸಲ, ನಿಧಾನವಾಗಿ. ಬೇಡ.

"ಅದು ಆಗುದಿಲ್ಲ ಮಾಮಿ" ಎಂದೆ. "ತುಂಬ ಹಾಳಾಗಿದೆ."

"ಇದು ಆಯ್ತಲ್ಲ, ಅದ್ಯಾಕೆ ಆಗುದಿಲ್ಲ?"

ಇದೂ ಆಗಿಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಮಾಮ ಇನ್ನೂ ನನ್ನ ಮುಖ ನೋಡುತ್ತಲೇ ಇದ್ದರು. ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ ಎಂದು ಏನೋ ತೊದಲಿದೆ. ಸೌಂಡಿನವನು ಪೆನ್‌ಡ್ರೈವ್ ತಂದು ಮಾಮಿಯ ಕೈಗೆ ಕೊಟ್ಟ. ಅದನ್ನು ಕಣ್ಣಿಗೊತ್ತಿಕೊಂಡರು.

"ಹಾಗಾದ್ರೆ ಇವರದ್ದು ಅಂತ ಉಳಿದದ್ದು ಇದೊಂದೇ" ಎಂದು ಹೇಳಿ, ಪ್ರಸಾದದ ಪೊಟ್ಟಣದ ಜೊತೆ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡರು.